ಮುನಿಯಕ್ಕನ ಕೈಯಲ್ಲಿದ್ದ ರಾಕೆಟ್

ಶಿವಗಂಗಾ ಅವರಿಗೆ ಕೋಪ ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಅವರ ಹತ್ತಿರ ಬ್ಯಾಡ್ಮಿಂಟನ್ ಕಲಿಯುವ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ಮೇಡಂ ಮೆಲ್ಲಗೆ ಮಾತಾಡಲು ಶುರು ಮಾಡಿದರೆ ಕೋರ್ಟಿನಲ್ಲಿ ಶೂ ಉಜ್ಜುವ ಸದ್ದೂ ನಿಂತುಹೋಗುತ್ತದೆ. ನಾಗಸಂದ್ರ ಮೆಟ್ರೋ ದಾಟಿ ತುಮಕೂರು ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ದೊಡ್ಡ ಅಪಾರ್ಟ್‌ಮೆಂಟಿನ ಕ್ಲಬ್ ಹೌಸಿನಲ್ಲಿ ಅವರು ಆರು ವರ್ಷ ಕೋಚ್ ಆಗಿದ್ದರು. ಕಳೆದ ವರ್ಷ ಅಲ್ಲಿ ಅವರ ದನಿ ಇಳಿದದ್ದು ಮಕ್ಕಳ ಮೇಲಲ್ಲ.

ಅವರ ತಂದೆ ಸುಬ್ರಹ್ಮಣ್ಯ ಜಾಲಹಳ್ಳಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಶಿಫ್ಟ್ ಮುಗಿಸಿ ಬಂದವರು ಕ್ವಾರ್ಟರ್ಸಿನ ಜಗುಲಿಯಲ್ಲಿ ಕೂತು ರಾಕೆಟ್‌ಗಳಿಗೆ ಗಟ್, ಅಂದರೆ ಬಲೆಯ ಎಳೆ, ಹಾಕುತ್ತಿದ್ದರು. ಕಾರ್ಮಿಕರ ಕ್ಲಬ್ಬಿನಿಂದ ಬ್ಯಾಡ್ಮಿಂಟನ್ ರಾಕೆಟ್ ಬರುತ್ತಿದ್ದವು, ಅಧಿಕಾರಿಗಳ ಕ್ಲಬ್ಬಿನಿಂದ ಟೆನಿಸ್ ರಾಕೆಟ್, ಅಪರೂಪಕ್ಕೆ ಎಲ್ಲಿಂದಲೋ, ಗೋಡೆಗೆ ಚೆಂಡು ಹೊಡೆದು ಆಡುವ ಸ್ಕ್ವಾಷಿನ ರಾಕೆಟ್. ಮೂರೂ ನಿಲ್ಲಿಸಿದರೆ ಉದ್ದ ಹೆಚ್ಚುಕಡಿಮೆ ಒಂದೇ. ಆಟ ಗೊತ್ತಿಲ್ಲದವರ ಕಣ್ಣಿಗೆ ಮೂರೂ ಒಂದೇ ಥರ. ಚಿಕ್ಕವಳಿದ್ದಾಗ ಶಿವಗಂಗಾ ಒಂದು ಸಲ ಸ್ಕ್ವಾಷ್ ರಾಕೆಟ್ಟನ್ನು ಟೆನಿಸ್ ರಾಕೆಟ್‌ಗಳ ಸಾಲಿನಲ್ಲಿ ಒರಗಿಸಿಟ್ಟಾಗ ಅಪ್ಪ ಅದನ್ನು ಎತ್ತಿ ಅವಳ ಮುಂದೆ ಹಿಡಿದರು.

"ಮೊದ್ಲು ಕತ್ತು ನೋಡು ಮಗಳೇ. ಆಮೇಲೆ ಮುಖ ನೋಡು. ಆಮೇಲೂ ಅನುಮಾನ ಇದ್ರೆ ಗಟ್ ಎಣಿಸು."

ಬ್ಯಾಡ್ಮಿಂಟನ್ ರಾಕೆಟ್ಟಿಗೆ ಕಡ್ಡಿಯಂಥ ಉದ್ದ ಕತ್ತು, ಅದರ ತುದಿಗೆ ಪೂರ್ತಿ ಮುಚ್ಚಿಕೊಂಡ ಮೊಟ್ಟೆಯಾಕಾರದ ಮುಖ. ಟೆನಿಸ್ ರಾಕೆಟ್ಟಿಗೆ ಅಗಲ ಮುಖ, ಕೆಳಗೆ ಚೌಕಟ್ಟು ಎರಡು ಕಾಲಾಗಿ ಇಳಿದು ಹಿಡಿಗೆ ಸೇರುತ್ತದೆ, ಮುಖಕ್ಕೂ ಹಿಡಿಗೂ ನಡುವೆ ತ್ರಿಕೋನದಂಥ ಖಾಲಿ ಕಿಂಡಿ. ಅಪ್ಪನ ಕೈಯಲ್ಲಿದ್ದ ಸ್ಕ್ವಾಷ್ ರಾಕೆಟ್ಟಿಗೂ ಎರಡು ಕಾಲಿತ್ತು, ಆದರೆ ಮುಖವನ್ನು ಕೆಳಗೆ ಮುಚ್ಚುವ ಅಡ್ಡಪಟ್ಟಿ ಇರಲಿಲ್ಲ. ಮುಖ ಕಣ್ಣೀರ ಹನಿಯ ಹಾಗೆ ಕೆಳಕ್ಕೆ ಚೂಪಾಗುತ್ತ ಬಂದು, ಉದ್ದದ ಎಳೆಗಳು ಆ ಚೂಪಿನ ತನಕ ಇಳಿದಿದ್ದವು. ಎಲ್ಲ ಸ್ಕ್ವಾಷ್ ರಾಕೆಟ್‌ಗಳೂ ಹೀಗಿರುವುದಿಲ್ಲ, ಕೆಲವಕ್ಕೆ ಅಡ್ಡಪಟ್ಟಿ ಇರುತ್ತದೆ, ಆಗಲೇ ಎಣಿಸಬೇಕಾಗುವುದು ಎಂದೂ ಅಪ್ಪ ಹೇಳಿದ್ದರು. ಶಿವಗಂಗಾಗೆ ಅದು ಅಕ್ಷರ ಕಲಿತಷ್ಟೇ ಸಹಜವಾಗಿ ಕೂತುಬಿಟ್ಟಿತು.

ಮುಂದೆ ಅವರು ವಿಶ್ವವಿದ್ಯಾಲಯದ ತಂಡಕ್ಕೆ ಆಡಿದರು, ದೈಹಿಕ ಶಿಕ್ಷಣದ ಪದವಿ ಪಡೆದರು, ಕ್ರೀಡಾ ಕೋಟಾದ ಕೆಲಸಕ್ಕೆ ಕಾದು ಕಾದು ಕೊನೆಗೆ ಕೋಚ್ ಆದರು. ಕೆಲಸದ ಬಗ್ಗೆ ಬೇಸರವಿರಲಿಲ್ಲ. ಮರದ ನೆಲದ ಎರಡು ಒಳ್ಳೆಯ ಕೋರ್ಟ್‌ಗಳು, ಬೆಳಿಗ್ಗೆ ಸಂಜೆ ಮಕ್ಕಳು. ಪಕ್ಕದಲ್ಲೇ ಗಾಜಿನ ಗೋಡೆಯ ಸ್ಕ್ವಾಷ್ ಕೋಣೆ, ಅದರಾಚೆ ಬಯಲಿನಲ್ಲಿ ಟೆನಿಸ್ ಕೋರ್ಟ್.

ಆ ಮರದ ನೆಲವನ್ನು ದಿನಾ ಒರೆಸುತ್ತಿದ್ದವರು ಮುನಿಯಕ್ಕ. ಅಪಾರ್ಟ್‌ಮೆಂಟಿನ ಹಿಂದಿನ ಹಳ್ಳಿಯವರು, ಅವರ ಮಾವನ ಕಾಲದಿಂದಲೂ ಅಲ್ಲೇ ಮನೆ. ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸದಿದ್ದರೆ ಮಕ್ಕಳು ಜಾರಿ ಬೀಳುತ್ತಾರೆಂದು ಶಿವಗಂಗಾ ಒಮ್ಮೆ ಹೇಳಿದ್ದರು. ಎರಡನೇ ಸಲ ಹೇಳುವ ಪ್ರಸಂಗ ಬರಲಿಲ್ಲ. ಬೆಳಗಿನ ತರಗತಿ ಮುಗಿದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದರು. ಮುನಿಯಕ್ಕನ ಮೊಮ್ಮಗಳು ಪ್ರಿಯಾಂಕಾ ಬೀದಿಯಲ್ಲಿ ರಟ್ಟಿನ ತುಂಡು ಹಿಡಿದು ಶಟಲ್ ಆಡುತ್ತಾಳೆಂಬ ಮಾತು ಬಂದದ್ದು ಹಾಗೊಂದು ಬೆಳಿಗ್ಗೆ. ಗಟ್ ಹರಿದ ಹಳೆಯ ರಾಕೆಟ್‌ಗಳನ್ನು ಶಿವಗಂಗಾ ಒಂದು ಪೆಟ್ಟಿಗೆಯಲ್ಲಿ ಹಾಕಿಡುತ್ತಿದ್ದರು. ಅವು ಅವರದೇ ಸ್ವಂತದವು. ಅದರಲ್ಲಿ ಚೌಕಟ್ಟು ಸೊಟ್ಟಗಾಗದ ಒಂದನ್ನು ಆರಿಸಿ, ಮಿಕ್ಕಿದ್ದ ಗುಲಾಬಿ ಬಣ್ಣದ ಗಟ್ ಹಾಕಿ, ಒಂದು ಸೋಮವಾರ ಮುನಿಯಕ್ಕನ ಕೈಗೆ ಕೊಟ್ಟರು. ಮುನಿಯಕ್ಕ ಅದನ್ನು ಊಟದ ಚೀಲಕ್ಕೆ ತೂರಿಸಿಕೊಂಡರು. ಹಿಡಿ ಒಳಗೆ ಹೋಯಿತು, ಕತ್ತೂ ಮುಖವೂ ಹೊರಗೇ ಉಳಿದವು.

ಅದಾದ ಒಂದು ವಾರಕ್ಕೆ ಮುನಿಯಕ್ಕ ಕೆಲಸಕ್ಕೆ ಬರುವುದು ನಿಂತಿತು. ಜ್ವರವಿರಬೇಕು ಅಂದುಕೊಂಡರು ಶಿವಗಂಗಾ. ಫೋನ್ ಹೋಗಲಿಲ್ಲ. ಬೇರೆ ಹೆಂಗಸೊಬ್ಬರು ನೆಲ ಒರೆಸಲು ಬಂದಾಗ ವಿಚಾರಿಸಿದರು. ಆಕೆ ಸುತ್ತ ನೋಡಿ ಹೇಳಿದರು: "ನಿಮ್ಗೆ ಗೊತ್ತಿಲ್ವಾ ಮೇಡಂ. ಬ್ಯಾಟ್ ಕದ್ದವ್ರೆ ಅಂತ ತೆಗೆದಾಕವ್ರೆ. ಹಿಂದ್ಗಡೆ ಗೇಟಲ್ಲಿ ಫೋಟೋ ಅಂಟ್ಸವ್ರೆ, ನೋಡಿ."

ಕೆಲಸದವರು ಓಡಾಡುವ ಹಿಂಬದಿಯ ಗೇಟಿಗೆ ಶಿವಗಂಗಾ ಅಲ್ಲಿಯವರೆಗೆ ಹೋದದ್ದೇ ಇಲ್ಲ. ಹೋಗಿ ನೋಡಿದರು. ಕಾವಲುಗಾರರ ಗೂಡಿನ ಗಾಜಿಗೆ, ಒಳಗೆ ಬರುವ ಪ್ರತಿಯೊಬ್ಬರ ಕಣ್ಣಿಗೆ ಬೀಳುವ ಹಾಗೆ, ಸಿಸಿಟಿವಿಯಿಂದ ತೆಗೆದ ಚಿತ್ರ. ಹೆಗಲಿಗೆ ಚೀಲ ಹಾಕಿಕೊಂಡು ಹೊರಗೆ ಹೆಜ್ಜೆ ಇಡುತ್ತಿರುವ ಮುನಿಯಕ್ಕ. ಚೀಲದಿಂದ ಹೊರಗೆ ಚಾಚಿದ ರಾಕೆಟ್ಟಿನ ಸುತ್ತ ಕೆಂಪು ಗೆರೆ. ಕೆಳಗೆ ದಪ್ಪಕ್ಷರದಲ್ಲಿ: ಕಳ್ಳತನ, ಪ್ರವೇಶವಿಲ್ಲ.

ಕೆಂಪು ಗೆರೆಯೊಳಗೆ ಇದ್ದದ್ದು ಅವರು ಕೊಟ್ಟ ರಾಕೆಟ್ಟೇ. ಆ ಚಿತ್ರದ ಮುಂದೆ ಎಷ್ಟು ದಿನದಿಂದ ಎಷ್ಟು ಜನ ನಡೆದುಹೋಗಿದ್ದಾರೆ ಎಂದು ಯೋಚಿಸಿದರೆ ಮೈ ಬೆಂಕಿಯಾಯಿತು.

ಸೀದಾ ಕ್ಲಬ್ ಹೌಸಿನ ಆಫೀಸಿಗೆ ನಡೆದರು. ಅಪಾರ್ಟ್‌ಮೆಂಟಿನ ಮೇಲುಸ್ತುವಾರಿ ನೋಡಿಕೊಳ್ಳುವ ಏಜೆನ್ಸಿಯ ಮ್ಯಾನೇಜರ್ ವಿಶ್ರುತ್ ಅಲ್ಲಿದ್ದರು. ಚುರುಕು ಯುವಕ, ಎಲ್ಲರೊಂದಿಗೂ ನಗುತ್ತಲೇ ಮಾತು.

"ಆ ರಾಕೆಟ್ ನಾನು ಕೊಟ್ಟಿದ್ದು," ಅಂದರು ಶಿವಗಂಗಾ.

"ಮೇಡಂ, ನಿಮ್ಮ ಒಳ್ಳೆ ಮನಸ್ಸು ನಂಗೆ ಅರ್ಥ ಆಗತ್ತೆ. ಆದ್ರೆ ಆಕರ್ಷ್ ಸಾರ್ ಅವ್ರ ಸ್ಕ್ವಾಷ್ ರಾಕೆಟ್ ಹೋಗಿದೆ. ಭಾನುವಾರ ಬಿಟ್ಟು ಹೋಗಿದ್ರು, ಸೋಮವಾರ ಇವ್ರು ರಾಕೆಟ್ ತಗೊಂಡು ಹೊರಗೆ ಹೋಗಿದಾರೆ. ಕ್ಯಾಮೆರಾದಲ್ಲಿ ಕ್ಲಿಯರ್ ಆಗಿದೆ."

"ಏನು ಕ್ಲಿಯರ್ ಆಗಿದೆ? ಅದು ಬ್ಯಾಡ್ಮಿಂಟನ್ ರಾಕೆಟ್."

"ರಾಕೆಟ್ ಅಂದ್ರೆ ರಾಕೆಟ್ ಮೇಡಂ. ಗೇಟ್ ಪಾಸ್ ಇಲ್ದೆ ಏನೂ ಹೊರಗೆ ಹೋಗಂಗಿಲ್ಲ. ನೀವು ಪಾಸ್ ಮಾಡ್ಸಿದ್ರಾ?"

ಮಾಡಿಸಿರಲಿಲ್ಲ. ಹಳೆಯ ರಾಕೆಟ್ ಕೊಡಲು ಪಾಸ್ ಬೇಕೆಂದು ಅವರಿಗೆ ಹೊಳೆದೂ ಇರಲಿಲ್ಲ. ವಿಶ್ರುತ್ ಕೈ ಚೆಲ್ಲಿದರು. ಮುನಿಯಕ್ಕನ ಮನೆಗೆ ಇಬ್ಬರು ಗಾರ್ಡ್‌ಗಳನ್ನು ಕಳಿಸಿ ಹುಡುಕಿಸಿದ್ದೂ ಆಗಿದೆ, ಅಲ್ಲಿ ಸಿಕ್ಕಿದ್ದು ಒಂದು ಹಳೇ ರಾಕೆಟ್ ಅಷ್ಟೇ, ಒಳ್ಳೇದನ್ನು ಎಲ್ಲಿಗೋ ಸಾಗಿಸಿ ಇದನ್ನು ತೋರಿಸಿರಬೇಕು ಎಂದೂ ಹೇಳಿದರು.

ಹುಡುಕಿಸಿದ್ದು. ಒಬ್ಬ ಹೆಂಗಸಿನ ಮನೆಯನ್ನು, ಪೊಲೀಸರಲ್ಲದ ಇಬ್ಬರು, ಬೀದಿಯವರೆಲ್ಲ ನೋಡುತ್ತಿದ್ದಂತೆ. ಶಿವಗಂಗಾ ಎದ್ದುಬಂದರು. ಆ ದಿನ ಸಂಜೆಯ ತರಗತಿ ನಡೆಯಲಿಲ್ಲ. ಅವರು ಸ್ಕೂಟರ್ ಹತ್ತಿ ಹಿಂದಿನ ಹಳ್ಳಿಗೆ ಹೋದರು.

ಮುನಿಯಕ್ಕ ಬಾಗಿಲಲ್ಲೇ ಕೂತಿದ್ದರು. ಶಿವಗಂಗಾರನ್ನು ನೋಡಿ ಎದ್ದು, ಸೆರಗು ಸರಿಮಾಡಿಕೊಂಡರು.

"ನಿಮ್ಮೆಸರು ಏಳ್ದೆ ಮೇಡಮ್ಮ. ಕೋಚ್ ಮೇಡಂ ಕೊಟ್ರು ಅಂತ ಏಳ್ದೆ. ಕೇಳ್ನೇ ಇಲ್ಲ ಅವ್ರು. ಅಕ್ಕಿ ಡಬ್ಬಾನೂ ತಗ್ದು ನೋಡಿದ್ರು. ರಾಕೆಟ್ನ ಅಕ್ಕಿ ಡಬ್ಬದಾಗೆ ಇಕ್ಕಾಕಾಯ್ತದಾ, ನೀವೇ ಏಳಿ."

"ನಂಗ್ಯಾಕೆ ಫೋನ್ ಮಾಡ್ಲಿಲ್ಲ ಮುನಿಯಕ್ಕ?"

"ನಿಮ್ಮ ಕೆಲ್ಸಕ್ಕೂ ಕುತ್ತು ತರ್ಲಾ? ಮನೇಲಿ ಫೋನ್ ಆಫ್ ಮಾಡಿಟ್ಬುಟ್ಟೆ. ಯಾರ್ ಯಾರೋ ಪೋಟೋ ನೋಡಿ ಕೇಳ್ತಾವ್ರೆ, ಇದು ನೀನೇನಾ ಅಂತ."

ಫೋಟೋ ಗೇಟಿನಲ್ಲಿ ಮಾತ್ರ ಇರಲಿಲ್ಲ. ಸುತ್ತಲಿನ ಅಪಾರ್ಟ್‌ಮೆಂಟ್‌ಗಳ ಮ್ಯಾನೇಜರ್‌ಗಳ ವಾಟ್ಸಾಪ್ ಗುಂಪಿಗೂ ಹೋಗಿತ್ತು. ಮುನಿಯಕ್ಕ ಬೇರೆ ಕಡೆ ಕೆಲಸ ಕೇಳಲು ಹೋದರೆ ಅಲ್ಲೂ ಅದೇ ಮುಖ ಮೊದಲೇ ಬಂದು ಕೂತಿತ್ತು. ಗೋಡೆಗೆ ನೇತುಹಾಕಿದ್ದ ರಾಕೆಟ್ಟನ್ನು ಪ್ರಿಯಾಂಕಾ ಇಳಿಸಿ ತಂದುಕೊಟ್ಟಳು. ಗಾರ್ಡ್‌ಗಳು ಬಂದುಹೋದ ದಿನದಿಂದ ಹುಡುಗಿ ಅದನ್ನು ಮುಟ್ಟಿರಲಿಲ್ಲ. ಶಿವಗಂಗಾ ಅದನ್ನು ಕೇಳಿ ತೆಗೆದುಕೊಂಡು ಹೊರಟರು.

ಮರುದಿನ ಅವರು ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘದ ಕಾರ್ಯದರ್ಶಿ ಹನುಮಂತರಾಯಪ್ಪನವರಿಗೆ ಫೋನ್ ಮಾಡಿದರು. ನಿವೃತ್ತ ಅಧಿಕಾರಿ, ಜಗಳ ಅಂದರೆ ಆಗದವರು. ಸಣ್ಣ ವಿಷಯ, ದೊಡ್ಡದು ಮಾಡುವುದು ಬೇಡ ಎಂದರು. ಹಾಗಾದರೆ ತಾವು ನಾಳೆಯಿಂದ ಕೋರ್ಟಿಗೆ ಇಳಿಯುವುದಿಲ್ಲ, ಯಾಕೆ ಇಳಿಯುವುದಿಲ್ಲ ಎಂದು ಮಕ್ಕಳ ತಂದೆ ತಾಯಿಯರಿಗೆ ತಾವೇ ವಿವರಿಸುತ್ತೇನೆ ಎಂದರು ಶಿವಗಂಗಾ. ಶನಿವಾರ ಬೆಳಿಗ್ಗೆ ಆಫೀಸಿನಲ್ಲಿ ಸೇರುವುದೆಂದಾಯಿತು. ರಾಕೆಟ್ ಕಳೆದುಕೊಂಡ ಆಕರ್ಷ್ ಕೂಡ ಬರಲೇಬೇಕು ಎಂದು ಅವರು ಪಟ್ಟು ಹಿಡಿದರು.

ಆಕರ್ಷ್ ಬಂದರು. ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಸ್ವಂತ ಘಟಕ, ವಾರಕ್ಕೆರಡು ಸಲ ಸ್ಕ್ವಾಷ್ ಆಡುವವರು. ಭಾನುವಾರ ಆಡಿ, ಕೋಣೆಯ ಹೊರಗಿನ ಬೆಂಚಿನ ಮೇಲೆ ರಾಕೆಟ್ ಮರೆತು, ಅದೇ ಸಂಜೆ ಕೊಯಮತ್ತೂರಿಗೆ ಹೋಗಿದ್ದರಂತೆ. ವಾಪಸು ಬಂದು ಹುಡುಕಿದರೆ ಇರಲಿಲ್ಲ, ದೂರು ಕೊಟ್ಟರು. ಕಳ್ಳರು ಸಿಕ್ಕರೆಂದು ವಿಶ್ರುತ್ ಹೇಳಿದ್ದನ್ನು ನಂಬಿದರು. ಕ್ಯಾಮೆರಾದ ಚಿತ್ರವನ್ನು ತಾವೇ ನೋಡಿರಲಿಲ್ಲ.

ಶಿವಗಂಗಾ ಆ ಚಿತ್ರವನ್ನು ಗಾಜಿನಿಂದ ಕಿತ್ತು ತಂದಿದ್ದರು. ಮೇಜಿನ ಮೇಲೆ ಇಟ್ಟರು.

"ಇದು ನಿಮ್ಮದಾ ಹೇಳಿ ಸಾರ್."

ಆಕರ್ಷ್ ಬಗ್ಗಿ ನೋಡಿದರು. ಬಹಳ ಹೊತ್ತು ಬೇಕಾಗಲಿಲ್ಲ. "ಇದು ಶಟಲ್ ರಾಕೆಟ್ ಅಲ್ವಾ," ಎಂದರು.

"ಸಾರ್, ಫೋಟೋ ಮಸುಕಾಗಿದೆ," ಎಂದು ವಿಶ್ರುತ್ ನಡುವೆ ಬಂದರು. "ಗಟ್ಟೇ ಕಾಣಲ್ಲ ಇದ್ರಲ್ಲಿ. ಯಾವುದು ಅಂತ ಹೆಂಗೆ ಹೇಳಕ್ಕಾಗತ್ತೆ?"

"ಗಟ್ ಕಾಣ್ದೇ ಇರೋದೂ ಒಂದು ಗುರುತೇ," ಅಂದರು ಶಿವಗಂಗಾ. ದನಿ ಆಗಲೇ ಇಳಿದಿತ್ತು. "ಬ್ಯಾಡ್ಮಿಂಟನ್ ಗಟ್ ಅಷ್ಟು ಸಣ್ಣ. ಸ್ಕ್ವಾಷ್ ಗಟ್ ಹೆಚ್ಚುಕಮ್ಮಿ ಇದರ ಒಂದೂವರೆಯಷ್ಟು ದಪ್ಪ. ಅದು ಬಿಡಿ, ಈ ಕ್ಯಾಮೆರಾಗೆ ಅದೂ ಕಾಣ್ದೇ ಇರಬಹುದು. ಕತ್ತು ಕಾಣತ್ತಲ್ಲ. ಒಂದೇ ಕಡ್ಡಿ. ಮುಖ ಕೆಳಗಡೆ ಗುಂಡಗೆ ಮುಚ್ಕೊಂಡಿದೆ. ಆಕರ್ಷ್ ಸಾರ್, ನಿಮ್ಮ ರಾಕೆಟ್ಟಿನ ಮುಖ ಹೆಂಗಿದೆ?"

"ಹನಿ ಶೇಪು. ಚೂಪಾಗಿ ಹಿಡಿಯವರೆಗೂ ಬರತ್ತೆ."

ಶಿವಗಂಗಾ ಪ್ರಿಯಾಂಕಾಳ ರಾಕೆಟ್ಟನ್ನು ಚಿತ್ರದ ಪಕ್ಕ, ಅದೇ ಓರೆಯಲ್ಲಿ ಇಟ್ಟರು. ಮತ್ತೇನೂ ವಿವರಿಸುವ ಅಗತ್ಯ ಬೀಳಲಿಲ್ಲ. ಹನುಮಂತರಾಯಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು.

"ಹಂಗಾದ್ರೆ ನನ್ ರಾಕೆಟ್ ಎಲ್ಲಿ ಹೋಯ್ತು?" ಎಂದು ಆಕರ್ಷ್ ಕೇಳಿದರು.

ಬಾಗಿಲ ಬಳಿ ಗಾರ್ಡ್ ವೆಂಕಟಪ್ಪ ನಿಂತಿದ್ದರು. ಮುನಿಯಕ್ಕನ ಮನೆಗೆ ಹೋದ ಇಬ್ಬರಲ್ಲಿ ಅವರಿರಲಿಲ್ಲ. ಅವರು ಹಿಂಜರಿಯುತ್ತ ಹೇಳಿದರು: "ಸಾರ್, ಆ ಭಾನ್ವಾರ ಬೆಂಚ್ ಮ್ಯಾಲೆ ನಂಗೆ ಒಂದು ಟೆನಿಸ್ ರಾಕೆಟ್ ಸಿಕ್ಕಿತ್ತು. ಆಫೀಸ್ಗೆ ಕೊಟ್ಟಿದ್ದೆ."

ವಿಶ್ರುತ್ ನೆನಪಿಸಿಕೊಂಡು, ಹೌದು, ಟೆನಿಸ್ ರಾಕೆಟ್ ಸಿಕ್ಕಿದೆ, ಯಾರದೋ ಅವರು ಬಂದು ತಗೊಳ್ಳಿ ಎಂದು ನಿವಾಸಿಗಳ ಗುಂಪಿಗೆ ಸಂದೇಶ ಹಾಕಿದ್ದೆ, ಯಾರೂ ಬರಲಿಲ್ಲ, ಟೆನಿಸ್ ಕಪಾಟಿನಲ್ಲಿ ಇಡಿಸಿದೆ ಎಂದರು. ಆ ಸಂದೇಶ ತಾವೂ ಓದಿದ್ದಾಗಿ ಆಕರ್ಷ್ ಹೇಳಿದರು. ತಾವು ಟೆನಿಸ್ ಆಡುವುದಿಲ್ಲವಲ್ಲ, ತಮ್ಮದಲ್ಲ ಎಂದು ಓದಿ ಬಿಟ್ಟಿದ್ದರು.

ಶಿವಗಂಗಾ ಕಪಾಟು ತೆಗೆಸಿದರು. ಸಾಲಾಗಿ ನೇತುಹಾಕಿದ್ದ ರಾಕೆಟ್‌ಗಳಲ್ಲಿ ಒಂದರ ಮುಖ ಉಳಿದವಕ್ಕಿಂತ ಕಿರಿದು. ತ್ರಿಕೋನದ ಕಿಂಡಿ ಇರಬೇಕಾದ ಜಾಗದಲ್ಲಿ ಕಿಂಡಿಯೇ ಇಲ್ಲ, ಎಳೆಗಳು ಅಲ್ಲಿಗೂ ಇಳಿದಿವೆ. ಎತ್ತಿದರೆ ಪಕ್ಕದ ಟೆನಿಸ್ ರಾಕೆಟ್ಟಿನ ಅರ್ಧ ತೂಕ. ಅವರು ಅದನ್ನು ವಿಶ್ರುತ್ ಕೈಗೇ ಕೊಟ್ಟರು.

"ಎಣಿಸಿ. ಉದ್ದದ ಎಳೆ ಎಷ್ಟಿವೆ?"

ವಿಶ್ರುತ್ ಬೆರಳಿಟ್ಟು ಎಣಿಸಿದರು. "ಹದಿನಾಲ್ಕು."

"ಈ ಟೆನಿಸ್ ರಾಕೆಟ್ಟಲ್ಲಿ?"

"ಹದಿನಾರು."

"ಮುನಿಯಕ್ಕಂಗೆ ನಾನು ಕೊಟ್ಟಿದ್ರಲ್ಲಿ?"

ಅದರ ಎಳೆಗಳು ಒತ್ತೊತ್ತಾಗಿದ್ದರಿಂದ ಎರಡು ಸಲ ತಪ್ಪಿ, ಮೂರನೇ ಸಲ ಎಣಿಸಿ, "ಇಪ್ಪತ್ತೆರಡು," ಎಂದರು.

ಆಕರ್ಷ್ ತಮ್ಮ ರಾಕೆಟ್ ಇಸಿದುಕೊಂಡರು. ಅವರ ಮುಖ ಕೆಂಪೇರಿತ್ತು. ಎರಡು ವಾರ ಅದು ಅವರು ದೂರು ಕೊಟ್ಟ ಮೇಜಿನಿಂದ ನಾಲ್ಕು ಮಾರು ದೂರದಲ್ಲಿ ತೂಗಾಡುತ್ತಿತ್ತು.

"ಸರಿ, ಮಿಸ್‌ಅಂಡರ್‌ಸ್ಟ್ಯಾಂಡಿಂಗ್ ಆಗಿದೆ," ಎಂದರು ವಿಶ್ರುತ್, ಹಳೆಯ ನಗು ಮರಳಿ ತಂದುಕೊಂಡು. "ನಾಳೆಯಿಂದ ಅವ್ರು ಕೆಲಸಕ್ಕೆ ಬರಬಹುದು ಮೇಡಂ. ನಾನೇ ಗಾರ್ಡ್‌ಗಳಿಗೆ ಹೇಳ್ತೀನಿ."

ಶಿವಗಂಗಾ ತಡೆದುಕೊಂಡದ್ದು ಅಲ್ಲಿಯವರೆಗೆ.

"ಬರಬಹುದು ಅಂತ ಅಪ್ಪಣೆ ಕೊಡ್ತಿದೀರಾ? ರಾಕೆಟ್ ಗುರುತು ಸಿಗದೇ ಇದ್ದಿದ್ದಕ್ಕೆ ನಂಗೇನೂ ಕೋಪ ಇಲ್ಲ. ಎಷ್ಟೋ ಜನಕ್ಕೆ ಸಿಗಲ್ಲ, ವೆಂಕಟಪ್ಪನವ್ರಿಗೂ ಸಿಗ್ಲಿಲ್ಲ. ಆದ್ರೆ ಅವ್ರು ಸಿಕ್ಕಿದ್ದನ್ನ ತಂದು ಕೊಟ್ರು. ನಿಮಗೂ ಗೊತ್ತಿರ್ಲಿಲ್ಲ. ನೀವು ಯಾರನ್ನ ಕೇಳಿದ್ರಿ? ಕೋರ್ಟಲ್ಲಿ ನಾನಿದ್ದೆ, ಟೆನಿಸ್ ಕೋಚ್ ಇದ್ರು, ರಾಕೆಟ್ ಯಾರದೋ ಅವ್ರೇ ಇದ್ರು. ಒಬ್ಬರಿಗೂ ಫೋಟೋ ತೋರಿಸ್ಲಿಲ್ಲ. ಆಯಮ್ಮ ನನ್ನ ಹೆಸರು ಹಿಡಿದು ಹೇಳಿದ್ರೂ ನನ್ನನ್ನ ಕೇಳ್ಲಿಲ್ಲ. ಇದೇ ರಾಕೆಟ್ ಹಿಡ್ಕೊಂಡು ಮುಂದಿನ ಗೇಟಲ್ಲಿ ಯಾರಾದ್ರೂ ಮಾಲೀಕರು ಹೋಗಿದ್ರೆ ಅವ್ರ ಮನೆ ಅಕ್ಕಿ ಡಬ್ಬ ತೆಗೆಸ್ತಿದ್ರಾ ನೀವು?"

ಹನುಮಂತರಾಯಪ್ಪನವರು ಕೆಮ್ಮಿದರು. "ಈಗೇನು ಮಾಡ್ಬೇಕು ಅಂತೀರಮ್ಮ?"

"ಫೋಟೋ ಎಲ್ಲೆಲ್ಲಿ ಹೋಗಿದೆಯೋ ಅಲ್ಲೆಲ್ಲ, ಇವ್ರು ಕದ್ದಿಲ್ಲ, ತಪ್ಪು ನಮ್ಮದು ಅಂತ ಬರೀಬೇಕು. ಆಮೇಲೆ ನೀವು, ವಿಶ್ರುತ್ ಇಬ್ಬರೂ ಅವ್ರ ಮನೆ ಬಾಗಿಲಿಗೆ ಹೋಗ್ಬೇಕು. ಅವ್ರನ್ನ ಇಲ್ಲಿಗೆ ಕರೆಸೋದಲ್ಲ. ಹುಡುಕಕ್ಕೆ ಹೋದಾಗ ಯಾವ ಬೀದಿ ನೋಡಿತ್ತೋ ಅದೇ ಬೀದಿ ನೋಡೋ ಹೊತ್ತಲ್ಲಿ."

ಅದು ಸಂಘಕ್ಕೆ ಮುಜುಗರ ಎಂದು ಹನುಮಂತರಾಯಪ್ಪನವರು ತಡವರಿಸಿದರು. ಆಗ ಮಾತಾಡಿದ್ದು ಆಕರ್ಷ್. "ದೂರು ಕೊಟ್ಟಿದ್ದು ನಾನು ಸಾರ್. ನಾನಂತೂ ಹೋಗ್ತೀನಿ." ಅದಾದ ಮೇಲೆ ಹನುಮಂತರಾಯಪ್ಪನವರೂ ಒಪ್ಪಬೇಕಾಯಿತು. ಆಕರ್ಷ್ ನಿವಾಸಿಗಳ ಗುಂಪಿನಲ್ಲಿ ಅಲ್ಲೇ ನಿಂತು ಬರೆದರು: ರಾಕೆಟ್ ನಮ್ಮ ಕ್ಲಬ್ ಹೌಸಿನಲ್ಲೇ ಸಿಕ್ಕಿದೆ, ಮುನಿಯಕ್ಕನವರ ಮೇಲೆ ಹೊರಿಸಿದ ಆರೋಪ ಸುಳ್ಳು, ದೂರು ಕೊಟ್ಟು ವಿಚಾರಿಸದೇ ಇದ್ದದ್ದು ನನ್ನ ತಪ್ಪು. ಅದಕ್ಕೆ ಕೆಲವರು ಕೈಮುಗಿದ ಚಿತ್ರ ಹಾಕಿದರು. ಒಬ್ಬರು, ಇನ್ನು ಮೇಲಾದರೂ ಗೇಟ್ ಪಾಸ್ ನಿಯಮ ಬಿಗಿ ಮಾಡಿ ಎಂದು ಬರೆದರು. ಅದನ್ನು ಓದಿ ಶಿವಗಂಗಾ ಫೋನನ್ನು ಆಕರ್ಷ್ ಕೈಗೆ ವಾಪಸು ಕೊಟ್ಟರು. ಮ್ಯಾನೇಜರ್‌ಗಳ ಗುಂಪಿನಲ್ಲಿ ವಿಶ್ರುತ್ ಎರಡು ದಿನ ಬಿಟ್ಟು ಒಂದೇ ಸಾಲು ಹಾಕಿದರು, ಅದೂ ಇಂಗ್ಲಿಷಿನಲ್ಲಿ, ಹಿಂದಿನ ಫೋಟೋ ಪರಿಗಣಿಸಬೇಡಿ ಎಂದು. ತಪ್ಪು ಎಂಬ ಪದ ಅದರಲ್ಲಿರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಹನುಮಂತರಾಯಪ್ಪ, ವಿಶ್ರುತ್, ಆಕರ್ಷ್ ಮೂವರೂ ಹಳ್ಳಿಗೆ ಹೋದರು. ನಲ್ಲಿ ನೀರು ಬಿಡುವ ಹೊತ್ತು, ಬೀದಿ ತುಂಬ ಬಿಂದಿಗೆ. ಶಿವಗಂಗಾ ಸ್ವಲ್ಪ ದೂರದಲ್ಲೇ ನಿಂತರು. ಹನುಮಂತರಾಯಪ್ಪನವರು ಸಂಘದ ಪರವಾಗಿ ವಿಷಾದವಿದೆ ಎಂದು ಆರಂಭಿಸಿದರು. ಮುನಿಯಕ್ಕ ಕೈಕಟ್ಟಿ ನಿಂತು ಕೇಳಿದರು.

"ಜೋರಾಗಿ ಏಳಿ ಸಾಮಿ," ಎಂದರು. "ಅತ್ತಾಗೆ ನಿಂತಿರೋರ್ಗೂ ಕೇಳ್ಲಿ. ಅವತ್ತು ಕಳ್ಳಿ ಅಂದಿದ್ದು ಎಲ್ರಿಗೂ ಕೇಳ್ತು."

ಹನುಮಂತರಾಯಪ್ಪನವರು ಜೋರಾಗಿ ಹೇಳಿದರು. ವಿಶ್ರುತ್ ತಲೆ ಬಗ್ಗಿಸಿ, "ತಪ್ಪಾಯ್ತು ಅಕ್ಕ," ಎಂದರು. ಆಕರ್ಷ್ ಹೊಸ ರಾಕೆಟ್ ಒಂದನ್ನು ತಂದಿದ್ದರು, ಮೊಮ್ಮಗಳಿಗೆಂದು. ಮುನಿಯಕ್ಕ ಅದನ್ನು ಮುಟ್ಟಲಿಲ್ಲ.

"ಬ್ಯಾಡ ಸಾರ್. ನೀವು ಬಂದ್ರಲ್ಲ, ಅದು ಸಾಕು. ಅವಳ್ಗೆ ಒಂದೈತೆ." ಆಮೇಲೆ ವಿಶ್ರುತ್ ಕಡೆ ತಿರುಗಿ ಹೇಳಿದರು: "ನಾನು ಕೆಲ್ಸಕ್ ಬರಾಕಿಲ್ಲಪ್ಪ. ಆ ಗೇಟಾಗೆ ದಿನಾ ನನ್ ಚೀಲ ಬಿಚ್ಚಿ ತೋರ್ಸಕ್ಕೆ ಇನ್ನು ನನ್ ಕೈಲಾಗಾಕಿಲ್ಲ."

ಮೂವರೂ ಹೋದ ಮೇಲೆ ಶಿವಗಂಗಾ ಪ್ರಿಯಾಂಕಾಳ ರಾಕೆಟ್ಟನ್ನು ಅವಳಿಗೆ ಮರಳಿಸಿದರು. ಬೀದಿಯವರೊಬ್ಬರು ಅವಳ ಎದುರು ನಿಂತು ಶಟಲ್ ಹೊಡೆದರು. ಮುನಿಯಕ್ಕ ಒಳಗೆ ಹೋಗಿ ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ಅಳುತ್ತಿರಬಹುದೆಂದು ಶಿವಗಂಗಾ ಕರೆಯಲಿಲ್ಲ.

ಮುನಿಯಕ್ಕ ಈಗ ಹತ್ತಿರದ ಕಲ್ಯಾಣ ಮಂಟಪದಲ್ಲಿ ಕೆಲಸಕ್ಕಿದ್ದಾರೆ. ಶಿವಗಂಗಾರ ಒಪ್ಪಂದವನ್ನು ಆ ವರ್ಷದ ಕೊನೆಯಲ್ಲಿ ಸಂಘ ಮುಂದುವರಿಸಲಿಲ್ಲ. ಹೊಸ ಕೋಚ್ ಬೇಕೆಂದು ನಿವಾಸಿಗಳು ಬಯಸಿದ್ದಾರೆ ಎಂಬುದು ಕೊಟ್ಟ ಕಾರಣ. ಯಾವ ನಿವಾಸಿಗಳು ಎಂದು ಅವರು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಈಗ ದಾಸರಹಳ್ಳಿ ಕಡೆ ತಗಡಿನ ಸೂರಿನ ಒಂದು ಕೋರ್ಟಿನಲ್ಲಿ ಕಲಿಸುತ್ತಾರೆ. ಹಳೆಯ ಮಕ್ಕಳಲ್ಲಿ ಅರ್ಧದಷ್ಟು ಅಲ್ಲಿಗೇ ಬಂದಿದ್ದಾರೆ, ಬಿಡುವಿದ್ದಾಗ ಪ್ರಿಯಾಂಕಾ ಕೂಡ. ಆಡುವಾಗ ಅವಳ ಎಡಗಾಲು ಇನ್ನೂ ತಡವಾಗಿ ಏಳುತ್ತದೆ, ಅದನ್ನು ಸರಿ ಮಾಡುತ್ತೇನೆ ಎನ್ನುತ್ತಾರೆ.

ಆ ಗೇಟಿನ ವಿಷಯ ಯಾರಾದರೂ ಎತ್ತಿದರೆ ಮಾತ್ರ ಅವರ ದನಿ ಇಂದಿಗೂ ಇಳಿಯುತ್ತದೆ. "ಗಟ್ ಎಣಿಸಕ್ಕೆ ಒಂದು ನಿಮಿಷ ಸಾಕಿತ್ತು," ಎನ್ನುತ್ತಾರೆ. "ಆ ಒಂದು ನಿಮಿಷ ಕೊಡೋಷ್ಟೂ ಬೆಲೆ ಆಯಮ್ಮಂಗೆ ಇಲ್ಲ ಅಂದ್ಕೊಂಡ್ರು ನೋಡಿ."